ಫೋನು ಕಳೆದ ಮೂರನೆಯ ದಿನ ಬ್ಯಾಂಕಿಗೊಂದು ಪತ್ರ



2025ರ ಜುಲೈ 11, ಶುಕ್ರವಾರ. ಹಾವೇರಿ ಜಿಲ್ಲೆಯ ನಮ್ಮ ಊರಿನಲ್ಲಿ ಹೊಲಿಗೆ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ಹುಬ್ಬಳ್ಳಿಗೆ ಹೋಗಿ ಅಸ್ತರು, ದಾರದ ಉಂಡೆ, ಗುಂಡಿಗಳನ್ನು ಕೊಂಡು ಬಸ್ಸಿನಲ್ಲಿ ಹಿಂದಿರುಗಿದಳು. ಇಳಿದದ್ದು ಸಂಜೆ ಐದೂವರೆಗೆ. ಮನೆ ಸೇರಿ ಸಾಮಾನು ಬಿಚ್ಚಿದಾಗ ಆರು ಗಂಟೆ. ಹೆಗಲಿಗೆ ಹಾಕಿಕೊಂಡಿದ್ದ ಸಣ್ಣ ಚೀಲ ಇರಲಿಲ್ಲ. ಅದರಲ್ಲಿ ಮೊಬೈಲು ಇತ್ತು, ಎಟಿಎಂ ಕಾರ್ಡು ಇತ್ತು. ಹೇಗೂ ಪೇಟೆಗೆ ಹೊರಟಿದ್ದೇನೆ, ಎಂಟ್ರಿ ಹಾಕಿಸಿಕೊಂಡು ಬರೋಣ ಎಂದು ಇಟ್ಟುಕೊಂಡಿದ್ದ ಪಾಸ್‌ಬುಕ್ಕೂ ಇತ್ತು. ಮರುದಿನ ಎರಡನೆಯ ಶನಿವಾರ, ಅದರ ಮರುದಿನ ಭಾನುವಾರ. ಬ್ಯಾಂಕಿನ ಬಾಗಿಲು ತೆರೆಯುವುದು ಸೋಮವಾರ ಬೆಳಿಗ್ಗೆಯೇ.

ನಾನು ಬ್ಯಾಂಕಿನ ಶಾಖೆಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮನೆ ಅದೇ ಬೀದಿಯಲ್ಲಿದೆ. ಭಾನುವಾರ ಸಂಜೆ ಆ ತಂಗಿ ತನ್ನ ಮಗಳ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದ ಪತ್ರವೊಂದನ್ನು ತಂದು ನನ್ನ ಮುಂದಿಟ್ಟಳು. ಅದರಲ್ಲಿ ಮೂರೇ ಸಾಲು ಇದ್ದವು: “ನನ್ನ ಮೊಬೈಲ್ ಮತ್ತು ಪಾಸ್‌ಬುಕ್ ಕಳೆದಿರುತ್ತವೆ. ದಯವಿಟ್ಟು ಹೊಸ ಪಾಸ್‌ಬುಕ್ ಕೊಡಬೇಕು. ನನ್ನ ಹೊಸ ನಂಬರ್ ಸೇರಿಸಬೇಕಾಗಿ ವಿನಂತಿ.” ಕೆಳಗೆ ಸಹಿ. “ಇಷ್ಟ ಬರದ್ರ ಸಾಕಲ್ರೀ ಅಣ್ಣಾರ?” ಎಂದು ಕೇಳಿದಳು.

ಸಾಲದು. ಏಕೆ ಸಾಲದು, ಏನಿರಬೇಕಿತ್ತು ಎಂಬುದೇ ಇವತ್ತಿನ ನನ್ನ ಮಾತು.

ಮೊದಲು ಒಂದು ವಿಷಯ ಗಮನಿಸಿ. ನಮ್ಮ ಖಾತೆಯಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯಲು ನಮಗೆ ಎರಡು ದಾರಿಗಳಿವೆ. ಹಣ ಬಂದರೂ ಹೋದರೂ ಮೊಬೈಲಿಗೆ ಸಂದೇಶ ಬರುತ್ತದೆ, ಅದು ಒಂದು. ಪಾಸ್‌ಬುಕ್ಕಿನಲ್ಲಿ ಅಚ್ಚಾಗುವ ಸಾಲುಗಳು ಎರಡನೆಯದು. ಒಂದು ಕಿವಿಯಿದ್ದ ಹಾಗೆ, ಇನ್ನೊಂದು ಕಣ್ಣಿದ್ದ ಹಾಗೆ. ಆ ಶುಕ್ರವಾರ ಈಕೆ ಎರಡನ್ನೂ ಒಂದೇ ಚೀಲದಲ್ಲಿ ಕಳೆದುಕೊಂಡಿದ್ದಳು. ಖಾತೆಯಲ್ಲಿ ಹಣವಿದೆ, ಆದರೆ ಅದರ ಸುದ್ದಿ ಈಕೆಗೆ ತಿಳಿಯುವುದಿಲ್ಲ. ಸಾಲದ್ದಕ್ಕೆ ಬ್ಯಾಂಕು ಕಳಿಸುವ ಸಂದೇಶ, ಒಟಿಪಿ ಎಲ್ಲವೂ ಚೀಲ ಸಿಕ್ಕವನ ಕೈಗೇ ಹೋಗುತ್ತವೆ. ಆದ್ದರಿಂದ ಪಾಸ್‌ಬುಕ್ಕಿನ ನಕಲು, ಮೊಬೈಲ್ ಸಂಖ್ಯೆಯ ಬದಲಾವಣೆ ಎಂಬ ಈ ಎರಡು ಕೋರಿಕೆಗಳು ಬೇರೆ ಬೇರೆ ಕಂಡರೂ ಉದ್ದೇಶ ಒಂದೇ.

ಆದರೆ ಪತ್ರಕ್ಕಿಂತ ಮೊದಲು ಆಗಬೇಕಾದ ಕೆಲಸವೊಂದಿದೆ. ಪುಣ್ಯಕ್ಕೆ ಈಕೆ ಅದನ್ನು ಮಾಡಿದ್ದಳು. ಬ್ಯಾಂಕಿನ ಸಹಾಯವಾಣಿ ದಿನದ ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ. ಅದರ ಸಂಖ್ಯೆ ಎಟಿಎಂ ಕಾರ್ಡಿನ ಬೆನ್ನ ಮೇಲೆ ಇರುತ್ತದೆ, ಆದರೆ ಕಾರ್ಡೇ ಹೋಗಿತ್ತು. ಆಕೆಯ ಗಂಡ ಬಸ್ ನಿಲ್ದಾಣದ ಎದುರಿನ ಎಟಿಎಂಗೆ ಹೋಗಿ, ಒಳಗೆ ಗೋಡೆಗೆ ಅಂಟಿಸಿದ್ದ ಸಂಖ್ಯೆಯನ್ನು ಬರೆದುಕೊಂಡು ಬಂದ. ಹಾಗೆ ಮಾಡಿದ್ದು ಒಳ್ಳೆಯದಾಯಿತು. ಸಹಾಯವಾಣಿಯ ಸಂಖ್ಯೆಯನ್ನು ಅಂತರಜಾಲದಲ್ಲಿ ಹುಡುಕಿ, ಮೊದಲು ಕಂಡದ್ದಕ್ಕೆ ಫೋನು ಮಾಡಿದರೆ ಬ್ಯಾಂಕಿನವರಂತೆ ಮಾತಾಡುವ ಮೋಸಗಾರರೇ ಸಿಗಬಹುದು. ಸಂಖ್ಯೆಯನ್ನು ಕಾರ್ಡಿನಿಂದ, ಎಟಿಎಂ ಗೋಡೆಯಿಂದ ಅಥವಾ ಬ್ಯಾಂಕಿನ ಸ್ವಂತ ಜಾಲತಾಣದಿಂದಲೇ ತೆಗೆದುಕೊಳ್ಳಬೇಕು.

ಸಹಾಯವಾಣಿಯವರು ಖಾತೆ ಸಂಖ್ಯೆ ಕೇಳಿದರು. ಅದು ಬರೆದಿದ್ದದ್ದು ಕಳೆದುಹೋದ ಪಾಸ್‌ಬುಕ್ಕಿನಲ್ಲೇ. ಕೊನೆಗೆ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ಎಂದೋ ಹಣ ಕಟ್ಟಿದ್ದ ಚಲನ್‌ನ ಅರ್ಧಚೀಟಿ ಸಿಕ್ಕಿತು, ಅದರಲ್ಲಿ ಸಂಖ್ಯೆ ಇತ್ತು. ಸಂಜೆ 7 ಗಂಟೆ 10 ನಿಮಿಷಕ್ಕೆ ಗಂಡನ ಫೋನಿನಿಂದ ಹೇಳಿದ್ದಾಯಿತು: ಮೊಬೈಲು ಹೋಗಿದೆ, ಕಾರ್ಡು ಹೋಗಿದೆ, ನಿಲ್ಲಿಸಿ. ಅವರು ದೂರಿನ ಸಂಖ್ಯೆ ಕೊಟ್ಟರು, ಈಕೆ ಅದನ್ನು ಹೊತ್ತಿನ ಸಮೇತ ಅದೇ ಅರ್ಧಚೀಟಿಯ ಹಿಂದೆ ಬರೆದುಕೊಂಡಳು. ಈ ಚೀಟಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಮರುದಿನ ಅಕ್ಕನ ಮಗಳ ಫೋನಿನಲ್ಲಿ ಕರ್ನಾಟಕ ರಾಜ್ಯ ಪೊಲೀಸರ ಇ-ಲಾಸ್ಟ್ ಸೌಲಭ್ಯದ ಮೂಲಕ ಕಳೆದ ವಸ್ತುಗಳ ವರದಿ ದಾಖಲಿಸಿ ಅದರ ಪ್ರತಿಯನ್ನು ಪಡೆದಿದ್ದಳು. ಪಾಸ್‌ಬುಕ್ಕಿನ ನಕಲಿಗೆ ಎಲ್ಲ ಶಾಖೆಗಳೂ ಇದನ್ನು ಕೇಳುವುದಿಲ್ಲ. ಆದರೆ ಪತ್ರಕ್ಕೆ ಅದನ್ನು ಜೋಡಿಸಿದರೆ, ಕಳೆದದ್ದು ಯಾವತ್ತು ಎಂಬ ಮಾತಿಗೆ ಮೂರನೆಯವರ ದಾಖಲೆ ಸಿಕ್ಕ ಹಾಗಾಗುತ್ತದೆ.

ಇನ್ನು ಮೊಬೈಲ್ ಸಂಖ್ಯೆಯ ವಿಚಾರ. ಇಲ್ಲಿ ನಾನು ಎಲ್ಲರನ್ನೂ ಮೊದಲು ಕೇಳುವ ಪ್ರಶ್ನೆ: ಸಂಖ್ಯೆ ಬದಲಾಯಿಸಲೇಬೇಕೇ? ಸಿಮ್ ನಿಮ್ಮ ಹೆಸರಿನಲ್ಲಿದ್ದರೆ ಕಂಪನಿಯ ಅಂಗಡಿಗೆ ಗುರುತಿನ ದಾಖಲೆಯೊಂದಿಗೆ ಹೋಗಿ ಅದೇ ಸಂಖ್ಯೆಯ ಹೊಸ ಸಿಮ್ ಪಡೆಯಬಹುದು. ಆಗ ಹಳೆಯ ಸಿಮ್ ತಾನಾಗಿಯೇ ಸತ್ತುಹೋಗುತ್ತದೆ, ಬ್ಯಾಂಕಿನಲ್ಲಿ ಸಂಖ್ಯೆ ಬದಲಿಸುವ ಅಗತ್ಯವೇ ಬೀಳುವುದಿಲ್ಲ. ಹೀಗೆ ಸಿಮ್ ಬದಲಿಸಿದ ಮೇಲೆ ಸುಮಾರು ಒಂದು ದಿನ ಸಂದೇಶಗಳು ಬರುವುದಿಲ್ಲ. ಇನ್ನೊಬ್ಬರ ಹೆಸರಿನ ಸಿಮ್ ಅನ್ನು ಮೋಸದಿಂದ ಪಡೆದವರು ಕೂಡಲೇ ಒಟಿಪಿ ತರಿಸಿಕೊಳ್ಳದಂತೆ ಮಾಡಿದ ತಡೆ ಅದು. ಒಟಿಪಿ ಬರಲಿಲ್ಲವೆಂದು ಗಾಬರಿಯಾಗದೆ ಮರುದಿನದವರೆಗೆ ಕಾಯಬೇಕು.

ಆದರೆ ಈ ತಂಗಿಯ ಸಿಮ್ ಅವಳ ಹೆಸರಿನಲ್ಲಿ ಇರಲಿಲ್ಲ. ಎಂಟು ವರ್ಷದ ಹಿಂದೆ ಅವಳ ಮೈದುನ ತನ್ನ ಹೆಸರಿನಲ್ಲಿ ಕೊಡಿಸಿದ್ದ. ಅವನೀಗ ದೂರದ ಊರಿನಲ್ಲಿ ದುಡಿಯುತ್ತಾನೆ. ಅವನು ಬಂದು ನಿಲ್ಲದೆ ಆ ಸಂಖ್ಯೆ ಮರಳಿ ಸಿಗುವುದಿಲ್ಲ. ನಮ್ಮ ಮನೆಗಳಲ್ಲಿ ಗಂಡನ ಹೆಸರಿನ, ಮಗನ ಹೆಸರಿನ, ಅಂಗಡಿಯವ ಯಾರದೋ ಹೆಸರಿನಲ್ಲಿ ಕೊಟ್ಟ ಸಿಮ್‌ಗಳನ್ನೇ ಬಹಳ ಹೆಣ್ಣುಮಕ್ಕಳು ಬಳಸುತ್ತಿದ್ದಾರೆ. ಕಳೆದುಹೋದ ದಿನವೇ ಆ ಸಂಗತಿ ಅರಿವಿಗೆ ಬರುವುದು. ಈಕೆ ಶನಿವಾರವೇ ತನ್ನ ಆಧಾರ್ ಕೊಟ್ಟು ತನ್ನ ಹೆಸರಿನಲ್ಲೇ ಹೊಸ ಸಿಮ್ ಕೊಂಡಿದ್ದಳು. ಹಾಗಾಗಿ ಬ್ಯಾಂಕಿನಲ್ಲಿ ಸಂಖ್ಯೆ ಬದಲಾಗಲೇಬೇಕಿತ್ತು.

ಈಗ ಅವಳ ಪತ್ರದ ಮೂರನೆಯ ಸಾಲು ನೋಡಿ: “ನನ್ನ ಹೊಸ ನಂಬರ್ ಸೇರಿಸಬೇಕಾಗಿ ವಿನಂತಿ.” ಸೇರಿಸುವುದು ಅರ್ಧ ಕೆಲಸ. ಹಳೆಯದನ್ನು ತೆಗೆಯಬೇಕು ಎಂಬುದು ಉಳಿದರ್ಧ, ಅದನ್ನು ಅವಳು ಬರೆದೇ ಇರಲಿಲ್ಲ. ಬಳಕೆ ನಿಂತು ರದ್ದಾದ ಮೊಬೈಲ್ ಸಂಖ್ಯೆ ಶಾಶ್ವತವಾಗಿ ಸಾಯುವುದಿಲ್ಲ. ಕನಿಷ್ಠ 90 ದಿನ ಸುಮ್ಮನಿಟ್ಟು, ಆಮೇಲೆ ಕಂಪನಿಯವರು ಅದನ್ನು ಹೊಸ ಗಿರಾಕಿಗೆ ಕೊಡಬಹುದು. ಬ್ಯಾಂಕಿನ ಕಡತದಲ್ಲಿ, ಯುಪಿಐಯಲ್ಲಿ ಎಲ್ಲಾದರೂ ಹಳೆಯ ಸಂಖ್ಯೆ ಉಳಿದುಕೊಂಡಿದ್ದರೆ, ಮೂರು ತಿಂಗಳು ಕಳೆದ ಮೇಲೆ ಎಲ್ಲಿಯೋ ಇರುವ ಅಪರಿಚಿತರಿಗೆ ನಮ್ಮ ಖಾತೆಯ ಸಂದೇಶ ಹೋಗಬಹುದು. ನಾನು ಕೌಂಟರಿನಲ್ಲಿದ್ದಾಗ ಒಬ್ಬ ಯುವಕ ಬಂದು, “ಸರ್, ಯಾರದೋ ಪಿಂಚಣಿ ಜಮಾ ಆದ ಮೆಸೇಜು ತಿಂಗಳಾ ನನಗ ಬರ್ತತ್ರಿ” ಎಂದು ಫೋನು ತೋರಿಸಿದ್ದ. ಪ್ರಾಮಾಣಿಕ ಹುಡುಗ. ಎಲ್ಲರೂ ಹಾಗಿರುತ್ತಾರೆಂದು ನಂಬಿ ಕೂರಲಾಗದು. ಆದ್ದರಿಂದ ಪತ್ರದಲ್ಲಿ ಹಳೆಯ ಸಂಖ್ಯೆಯನ್ನೂ ಹೊಸದನ್ನೂ ಬರೆದು, ಹಳೆಯದನ್ನು ತೆಗೆದುಹಾಕಿ ಎಂದು ಬಿಡಿಸಿ ಹೇಳಬೇಕು.

ಎರಡನೆಯ ಕೊರತೆ: ಪತ್ರದಲ್ಲಿ ದಿನಾಂಕವಿಲ್ಲ, ಹೊತ್ತಿಲ್ಲ. ಯಾವಾಗ ಕಳೆಯಿತು, ಬ್ಯಾಂಕಿಗೆ ಮೊದಲು ಯಾವಾಗ ತಿಳಿಸಿದೆ ಎಂಬ ಸುಳಿವೇ ಇಲ್ಲ. ಇದು ಎಷ್ಟು ದೊಡ್ಡ ಕೊರತೆ ಎಂಬುದು ಸೋಮವಾರ ಗೊತ್ತಾಯಿತು, ಅದನ್ನು ಆಮೇಲೆ ಹೇಳುತ್ತೇನೆ.

ಮೂರನೆಯದು ಪಾಸ್‌ಬುಕ್ಕಿಗೆ ಸಂಬಂಧಿಸಿದ್ದು. ನಕಲು ಪಾಸ್‌ಬುಕ್ ಕೊಡುವಾಗ ಸಾಮಾನ್ಯವಾಗಿ ಅಂದಿನ ಶಿಲ್ಕನ್ನು ಮೊದಲ ಸಾಲಿನಲ್ಲಿ ಹಾಕಿ, ಅಲ್ಲಿಂದ ಮುಂದಕ್ಕೆ ಅಚ್ಚು ಮಾಡುತ್ತಾರೆ. ಹಿಂದಿನ ವ್ಯವಹಾರ ಅದರಲ್ಲಿ ಇರುವುದಿಲ್ಲ. ಈಕೆ ಕೊನೆಯ ಬಾರಿ ಎಂಟ್ರಿ ಹಾಕಿಸಿದ್ದು ಯುಗಾದಿಯ ಹೊತ್ತಿಗೆ. ಅಲ್ಲಿಂದ ಜುಲೈವರೆಗಿನ ಮೂರು ತಿಂಗಳ ಲೆಕ್ಕ, ಮುಖ್ಯವಾಗಿ ಫೋನು ಕಳೆದ ಆ ಮೂರು ದಿನಗಳ ಲೆಕ್ಕ ಕಣ್ಣಿಗೆ ಬೀಳಬೇಕಾದರೆ, ಇಂಥ ದಿನಾಂಕದಿಂದ ಅಚ್ಚು ಮಾಡಿಕೊಡಿ ಎಂದು ಕೇಳಬೇಕು. ಹಳೆಯ ಸಾಲುಗಳಿಗೆ ಕೆಲವು ಬ್ಯಾಂಕುಗಳು ಪುಟದ ಲೆಕ್ಕದಲ್ಲಿ ಬೇರೆ ಶುಲ್ಕ ತೆಗೆದುಕೊಳ್ಳುತ್ತವೆ. ನಕಲು ಪಾಸ್‌ಬುಕ್ಕಿನ ಶುಲ್ಕವೂ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಅದನ್ನು ಖಾತೆಯಿಂದಲೇ ಮುರಿದುಕೊಳ್ಳಿ ಎಂದು ಪತ್ರದಲ್ಲೇ ಒಪ್ಪಿಗೆ ಕೊಟ್ಟರೆ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ.

ಆ ರಾತ್ರಿ ಇಬ್ಬರೂ ಕುಳಿತು ಪತ್ರವನ್ನು ಹೊಸದಾಗಿ ಬರೆದೆವು. ಕನ್ನಡದಲ್ಲೇ ಬರೆದೆವು. ಖಾತೆ ತೆರೆಯುವ ಅರ್ಜಿ, ಚಲನ್, ಪಾಸ್‌ಬುಕ್ ಮುಂತಾಗಿ ಗ್ರಾಹಕರ ಕೈಗೆ ಬರುವ ಅಚ್ಚಿನ ಕಾಗದಗಳು ಇಂಗ್ಲಿಷ್ ಮತ್ತು ಹಿಂದಿಯ ಜೊತೆಗೆ ಆಯಾ ಪ್ರದೇಶದ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಹೇಳಿದೆ. ನಮ್ಮ ಅಡಚಣೆಯನ್ನು ನಮ್ಮ ಮಾತಿನಲ್ಲಿ ಹೇಳಿಕೊಳ್ಳಲು ಅಳುಕಬೇಕಿಲ್ಲ. ಖಾತೆ ಸಂಖ್ಯೆ, ಮೊಬೈಲ್ ಸಂಖ್ಯೆಗಳನ್ನು ಮಾತ್ರ ಬಿಡಿಬಿಡಿಯಾಗಿ, ಒಂದು ಏಳರಂತೆ ಕಾಣದ ಹಾಗೆ ಬರೆಯಿರಿ. ಪತ್ರ ಹೀಗಿತ್ತು. ಹೆಸರು, ಸಂಖ್ಯೆಗಳ ಜಾಗದಲ್ಲಿ ನಿಮ್ಮವನ್ನು ತುಂಬಿಕೊಳ್ಳಿ. ಬೇಕಾದವರು ಕಾಗದ, ಪೆನ್ನು ತೆಗೆದುಕೊಳ್ಳಬಹುದು, ನಿಧಾನವಾಗಿ ಓದುತ್ತೇನೆ.

ದಿನಾಂಕ: 14-07-2025

ಇವರಿಗೆ,
ಶಾಖಾ ವ್ಯವಸ್ಥಾಪಕರು,
(ಬ್ಯಾಂಕಿನ ಹೆಸರು, ಶಾಖೆ, ಊರು)

ಇವರಿಂದ,
(ಖಾತೆದಾರರ ಹೆಸರು, ಪಾಸ್‌ಬುಕ್ಕಿನಲ್ಲಿ ಇದ್ದಂತೆ)
(ಪೂರ್ಣ ವಿಳಾಸ)
ಉಳಿತಾಯ ಖಾತೆ ಸಂಖ್ಯೆ: ______

ಮಾನ್ಯರೇ,

ವಿಷಯ: ಪಾಸ್‌ಬುಕ್ಕಿನ ನಕಲು ಪ್ರತಿ ಕೊಡುವ ಬಗ್ಗೆ ಮತ್ತು ನೋಂದಾಯಿತ ಮೊಬೈಲ್ ಸಂಖ್ಯೆ ಬದಲಾಯಿಸುವ ಬಗ್ಗೆ.

ದಿನಾಂಕ 11-07-2025, ಶುಕ್ರವಾರ ಸಂಜೆ ಸುಮಾರು 5.30ಕ್ಕೆ, ಹುಬ್ಬಳ್ಳಿಯಿಂದ ಊರಿಗೆ ಬರುವ ಬಸ್ಸಿನಲ್ಲಿ ನನ್ನ ಕೈಚೀಲ ಕಳೆದುಹೋಗಿದೆ. ಅದರಲ್ಲಿ ನನ್ನ ಮೊಬೈಲ್ ಫೋನು, ಮೇಲ್ಕಂಡ ಖಾತೆಯ ಪಾಸ್‌ಬುಕ್ ಮತ್ತು ಎಟಿಎಂ ಕಾರ್ಡ್ ಇದ್ದವು. ಅದೇ ದಿನ ಸಂಜೆ 7.10ಕ್ಕೆ ನಿಮ್ಮ ಸಹಾಯವಾಣಿಗೆ ತಿಳಿಸಿದ್ದೇನೆ. ಅವರು ಕೊಟ್ಟ ದೂರಿನ ಸಂಖ್ಯೆ: ______. ಪೊಲೀಸರಲ್ಲಿ ದಾಖಲಿಸಿದ ಕಳೆದ ವಸ್ತುಗಳ ವರದಿಯ ಸಂಖ್ಯೆ: ______.

ಆದ್ದರಿಂದ ಈ ಕೆಳಗಿನಂತೆ ಮಾಡಿಕೊಡಬೇಕೆಂದು ಕೋರುತ್ತೇನೆ.

1. ಪಾಸ್‌ಬುಕ್ಕಿನ ನಕಲು ಪ್ರತಿ ಕೊಟ್ಟು, ಅದರಲ್ಲಿ 01-04-2025ರಿಂದ ಈವರೆಗಿನ ವ್ಯವಹಾರಗಳನ್ನು ಅಚ್ಚು ಮಾಡಿಕೊಡಿ. ಇದಕ್ಕೆ ನಿಯಮದಂತೆ ತಗಲುವ ಶುಲ್ಕವನ್ನು ನನ್ನ ಖಾತೆಯಿಂದ ಮುರಿದುಕೊಳ್ಳಲು ನನ್ನ ಒಪ್ಪಿಗೆ ಇದೆ. ಹಳೆಯ ಪಾಸ್‌ಬುಕ್ ಸಿಕ್ಕಿದರೆ ಶಾಖೆಗೆ ಒಪ್ಪಿಸುತ್ತೇನೆ.

2. ಈಗ ನೋಂದಣಿಯಲ್ಲಿರುವ ಹಳೆಯ ಮೊಬೈಲ್ ಸಂಖ್ಯೆ ______ ಅನ್ನು ನನ್ನ ಎಲ್ಲ ಖಾತೆಗಳಿಂದ ತೆಗೆದುಹಾಕಿ, ಅದರ ಬದಲಿಗೆ ನನ್ನ ಹೆಸರಿನಲ್ಲೇ ಇರುವ ಹೊಸ ಸಂಖ್ಯೆ ______ ಅನ್ನು ನೋಂದಾಯಿಸಿ.

3. ಹಳೆಯ ಸಂಖ್ಯೆಗೆ ಜೋಡಿಸಿರುವ ಯುಪಿಐ, ಮೊಬೈಲ್ ಬ್ಯಾಂಕಿಂಗ್ ಹಾಗೂ ಇಂಟರ್ನೆಟ್ ಬ್ಯಾಂಕಿಂಗ್ ಸೌಲಭ್ಯಗಳನ್ನು ನಿಲ್ಲಿಸಿ. ನಾನು ಲಿಖಿತವಾಗಿ ಕೇಳುವವರೆಗೆ ಮತ್ತೆ ಆರಂಭಿಸಬೇಡಿ.

ಗುರುತಿನ ದಾಖಲೆಯ ಮೂಲಪ್ರತಿಯನ್ನು ತೋರಿಸಿ, ಅದರ ಪ್ರತಿಯನ್ನೂ ಪೊಲೀಸ್ ವರದಿಯ ಪ್ರತಿಯನ್ನೂ ಇದರೊಂದಿಗೆ ಲಗತ್ತಿಸಿದ್ದೇನೆ. ಈ ಪತ್ರ ತಲುಪಿದ್ದಕ್ಕೆ ಎರಡನೆಯ ಪ್ರತಿಯ ಮೇಲೆ ಮೊಹರು, ದಿನಾಂಕ ಮತ್ತು ಸಹಿ ಹಾಕಿಕೊಡಬೇಕೆಂದು ವಿನಂತಿ.

ತಮ್ಮ ವಿಶ್ವಾಸಿ,
(ಸಹಿ)

ಪತ್ರ ಇಷ್ಟೇ. ಇದರಲ್ಲಿ ಏನೇನು ಇಲ್ಲ ಎಂಬುದನ್ನೂ ಗಮನಿಸಿ. ಎಟಿಎಂ ಕಾರ್ಡಿನ ಪೂರ್ತಿ ಸಂಖ್ಯೆ ಇಲ್ಲ. ಪಿನ್ ಇಲ್ಲ, ಅದನ್ನು ಯಾವ ಕಾಗದದಲ್ಲೂ ಬರೆಯಬಾರದು. ಆಧಾರ್ ಸಂಖ್ಯೆ ಇಲ್ಲ. ಫೋನಿನ ಹದಿನೈದು ಅಂಕಿಯ ಐಎಂಇಐ ಸಂಖ್ಯೆಯೂ ಇಲ್ಲ, ಏಕೆಂದರೆ ಬ್ಯಾಂಕಿಗೆ ಅದರಿಂದ ಉಪಯೋಗವಿಲ್ಲ. ಅದು ಬೇಕಾಗುವುದು ಪೊಲೀಸರಿಗೆ, ಮತ್ತು ಕೇಂದ್ರ ದೂರಸಂಪರ್ಕ ಇಲಾಖೆಯ ceir.gov.in ತಾಣದಲ್ಲಿ ಕಳೆದ ಫೋನನ್ನು ನಿರ್ಬಂಧಿಸಲು. ಫೋನಿನ ಡಬ್ಬಿಯ ಮೇಲೆ ಆ ಸಂಖ್ಯೆ ಇರುತ್ತದೆ. ಈಗ ಕೈಯಲ್ಲಿರುವ ಫೋನಿನಲ್ಲಿ *#06# ಒತ್ತಿದರೂ ಕಾಣುತ್ತದೆ. ಇವತ್ತೇ ಒಂದು ಕಡೆ ಬರೆದಿಟ್ಟುಕೊಳ್ಳಿ. ಇನ್ನು ಲಗತ್ತಿಸುವ ಗುರುತಿನ ಪ್ರತಿಯ ಮೇಲೆ “ಮೊಬೈಲ್ ಸಂಖ್ಯೆ ಬದಲಾವಣೆಗಾಗಿ ಮಾತ್ರ” ಎಂದು ಅಡ್ಡಲಾಗಿ ಬರೆದು, ದಿನಾಂಕ ಹಾಕಿ ಸಹಿ ಮಾಡಿದರೆ ಅದನ್ನು ಬೇರೆ ಕೆಲಸಕ್ಕೆ ಬಳಸುವುದು ಕಷ್ಟವಾಗುತ್ತದೆ.

ಸೋಮವಾರ ಬೆಳಿಗ್ಗೆ ನಾನೂ ಆಕೆಯ ಜೊತೆ ಶಾಖೆಗೆ ಹೋದೆ. ಪಾಸ್‌ಬುಕ್ಕಿನ ಕೋರಿಕೆ ಬೇಗ ಮುಗಿಯಿತು. ಮೊಬೈಲ್ ಸಂಖ್ಯೆಯದು ತಡೆಯಿತು. ಪತ್ರದ ಜೊತೆಗೆ ಬ್ಯಾಂಕಿನದೇ ಒಂದು ಅರ್ಜಿ ನಮೂನೆಯನ್ನೂ ತುಂಬಬೇಕಾಯಿತು. ಅಧಿಕಾರಿ ಪತ್ರದ ಸಹಿಯನ್ನು ಕಂಪ್ಯೂಟರಿನಲ್ಲಿದ್ದ ಸಹಿಯೊಂದಿಗೆ ಹೋಲಿಸಿ, ತಾಳೆಯಾಗುವುದಿಲ್ಲ ಎಂದರು. ಖಾತೆ ತೆರೆದದ್ದು ಹನ್ನೆರಡು ವರ್ಷದ ಹಿಂದೆ, ಆಗ ಅವಳು ಹೆಸರನ್ನು ಪೂರ್ತಿ ಬಿಡಿಸಿ ಬರೆದಿದ್ದಳು. ಈಗ ಕೈ ಪಳಗಿ, ಇನಿಷಿಯಲ್ ಸೇರಿ, ಸಹಿಯೇ ಬೇರೆಯಾಗಿತ್ತು. ತಂಗಿಗೆ ಕಣ್ಣಲ್ಲಿ ನೀರು ಬಂತು. “ನಾನ ಬಂದ ನಿಂತೀನಲ್ರೀ, ಮತ್ಯಾಕ ಸಂಶಯ?” ಎಂದಳು.

ಅಧಿಕಾರಿಯ ಮಾತು ತಪ್ಪಾಗಿರಲಿಲ್ಲ, ಅದನ್ನು ನಾನು ಅವಳಿಗೆ ತಿಳಿಸಿ ಹೇಳಿದೆ. ಒಬ್ಬ ಕಳ್ಳನಿಗೆ ನಿನ್ನ ಖಾತೆಯ ಬೀಗದ ಕೈ ಬೇಕಾದರೆ ಅವನು ಬರೆಯುವ ಪತ್ರವೂ ಇದೇ ಆಗಿರುತ್ತದೆ, ತಂಗಿ. ನಿನ್ನ ಹೆಸರು ಬರೆದು, ಫೋನು ಕಳೆದಿದೆ, ಸಂಖ್ಯೆ ಬದಲಿಸಿ ಎನ್ನುತ್ತಾನೆ. ಸಂಖ್ಯೆ ಒಮ್ಮೆ ಅವನದಾಯಿತೆಂದರೆ ಒಟಿಪಿಗಳೆಲ್ಲ ಅವನಿಗೇ ಬರುತ್ತವೆ. ಹಾಗಾಗಿ ಈ ಒಂದು ಕೋರಿಕೆಯಲ್ಲಿ ಬ್ಯಾಂಕು ಬಿಗಿಯಾಗಿರುವುದು ನಿನ್ನ ಒಳ್ಳೆಯದಕ್ಕೇ. ಇದಕ್ಕಾಗಿ ಮಗನನ್ನೋ ನೆರೆಯವರನ್ನೋ ಕಳಿಸದೆ ಖಾತೆದಾರರೇ ಖುದ್ದಾಗಿ ಹೋಗಬೇಕಾದದ್ದೂ ಅದಕ್ಕೇ.

ಇಂಥ ಹೊತ್ತಿನಲ್ಲಿ ಎರಡು ದಾರಿಗಳಿವೆ. ಹಳೆಯ ಸಹಿ ನೆನಪಿದ್ದರೆ ಅದೇ ರೀತಿ ಹಾಕುವುದು. ನೆನಪಿಲ್ಲದಿದ್ದರೆ ಗುರುತಿನ ದಾಖಲೆ ತೋರಿಸಿ, ಸಹಿ ಬದಲಾವಣೆಯ ಅರ್ಜಿ ಕೊಟ್ಟು, ಅದು ಮುಗಿದ ಮೇಲೆ ಸಂಖ್ಯೆಯ ಕೆಲಸಕ್ಕೆ ಬರುವುದು. ಈಕೆ ನಿಧಾನವಾಗಿ, ಶಾಲೆಯ ಹುಡುಗಿಯಂತೆ ಪೂರ್ತಿ ಹೆಸರು ಬರೆದಳು, ತಾಳೆಯಾಯಿತು. ಹೆಬ್ಬೆಟ್ಟು ಒತ್ತುವ ಹಿರಿಯರಿದ್ದರೆ ಮನೆಯಲ್ಲೇ ಒತ್ತಿಸಿ ಪತ್ರ ಕಳಿಸಬೇಡಿ. ಶಾಖೆಯಲ್ಲಿ ಅಧಿಕಾರಿಯ ಎದುರಿಗೇ ಒತ್ತಿಸಿ, ಬ್ಯಾಂಕಿಗೆ ಪರಿಚಯವಿರುವ ಸಾಕ್ಷಿಯನ್ನು ಜೊತೆಗೆ ಕರೆದುಕೊಂಡು ಹೋಗಿ.

ಮಧ್ಯಾಹ್ನದ ಹೊತ್ತಿಗೆ ನಕಲು ಪಾಸ್‌ಬುಕ್ ಕೈಗೆ ಬಂತು. ಅದನ್ನು ಹಾಗೆಯೇ ಚೀಲಕ್ಕೆ ಹಾಕಿಕೊಳ್ಳಬಾರದು. ಮೊದಲ ಪುಟದಲ್ಲಿ ಹೆಸರು, ಖಾತೆ ಸಂಖ್ಯೆ, ಶಾಖೆಯ ಐಎಫ್‌ಎಸ್‌ಸಿ ಸರಿಯಿದೆಯೇ, ನಾಮನಿರ್ದೇಶನ ನೋಂದಣಿಯಾಗಿದೆ ಎಂಬ ಗುರುತು ಇದೆಯೇ, ಅಧಿಕಾರಿಯ ಸಹಿ ಮತ್ತು ಮೊಹರು ಬಿದ್ದಿದೆಯೇ ಎಂದು ಅಲ್ಲೇ ನಿಂತು ನೋಡಬೇಕು. ಆಮೇಲೆ ಒಳಪುಟದ ಸಾಲುಗಳನ್ನು ಬೆರಳಿಟ್ಟು ಓದಬೇಕು. ಓದುತ್ತ ಬಂದ ತಂಗಿಯ ಬೆರಳು ಜುಲೈ 11ರ ಹತ್ತಿರ ನಿಂತಿತು. ಅಲ್ಲಿ ಎರಡು ಸಾಲುಗಳಿದ್ದವು. ಯುಪಿಐ ಮೂಲಕ 3,000 ರೂಪಾಯಿ. ಯುಪಿಐ ಮೂಲಕ ಮತ್ತೆ 5,000 ರೂಪಾಯಿ. ಎರಡೂ ಅವಳು ಮಾಡಿದ್ದಲ್ಲ.

ಹಳೆಯ ಲೆಕ್ಕವನ್ನು ಅಚ್ಚು ಮಾಡಿಸದೆ ಬರಿಯ ಶಿಲ್ಕಿನ ಸಾಲನ್ನು ನೋಡಿ ಬಂದಿದ್ದರೆ ಇದು ಯಾವಾಗ ತಿಳಿಯುತ್ತಿತ್ತೋ. ಅಲ್ಲಿಂದಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿ ದೂರು ದಾಖಲಿಸಿದೆವು. ಅಧಿಕಾರಿ ಕಂಪ್ಯೂಟರಿನಲ್ಲಿ ನೋಡಿ ಎರಡೂ ವ್ಯವಹಾರಗಳ ಹೊತ್ತು ಹೇಳಿದರು. ಪಾಸ್‌ಬುಕ್ಕಿನಲ್ಲಿ ದಿನಾಂಕ ಮಾತ್ರ ಅಚ್ಚಾಗಿತ್ತು, ಹೊತ್ತು ಇರಲಿಲ್ಲ. ಮೊದಲನೆಯದು ಸಂಜೆ 6.40ಕ್ಕೆ ಆಗಿತ್ತು. ಎರಡನೆಯದು ರಾತ್ರಿ 8.05ಕ್ಕೆ.

ಈಗ ಆ ಅರ್ಧಚೀಟಿಯನ್ನು ನೆನೆಯಿರಿ. ಸಹಾಯವಾಣಿಗೆ ಹೇಳಿದ್ದು 7.10ಕ್ಕೆ. ಒಂದು ಅದಕ್ಕೆ ಮೊದಲು ಹೋದ ಹಣ, ಇನ್ನೊಂದು ಅದರ ನಂತರ ಹೋದದ್ದು. 2017ರ ಜುಲೈ 6ರಂದು ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆ ಇಂಥ ಅನಧಿಕೃತ ವ್ಯವಹಾರಗಳಲ್ಲಿ ನಷ್ಟ ಯಾರದು ಎಂದು ಹೇಳುತ್ತದೆ. ಗ್ರಾಹಕರ ಅಜಾಗರೂಕತೆಯಿಂದ ಹಣ ಹೋಗಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದು. ತಿಳಿಸಿದ ನಂತರ ಆದ ನಷ್ಟ ಬ್ಯಾಂಕಿನದು. ಗ್ರಾಹಕರ ತಪ್ಪೂ ಇಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯ ಕಡೆಯಿಂದ ಆದ ಮೋಸವಾಗಿದ್ದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟವೇ ಇಲ್ಲ. ಗ್ರಾಹಕರ ತಪ್ಪಿದೆ ಎಂದು ಸಾಬೀತು ಮಾಡುವ ಹೊಣೆಯೂ ಬ್ಯಾಂಕಿನ ಮೇಲೆಯೇ ಇದೆ.

ಈಕೆ ಮರೆಯುತ್ತೇನೆಂದು ಯುಪಿಐ ಪಿನ್ ಅನ್ನು ಸಣ್ಣ ಚೀಟಿಯಲ್ಲಿ ಬರೆದು ಫೋನಿನ ಕವರಿನ ಹಿಂದೆ ಸಿಕ್ಕಿಸಿಟ್ಟಿದ್ದಳು. ಫೋನಿಗೆ ಬೀಗವೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹಾಗಾಗಿ 6.40ರ 3,000 ರೂಪಾಯಿ ಅವಳದೇ ನಷ್ಟವಾಯಿತು. ಆದರೆ 8.05ರ ಹೊತ್ತಿಗೆ ಫೋನು ಹೋದ ಸಂಗತಿ ಬ್ಯಾಂಕಿಗೆ ತಿಳಿದು ಐವತ್ತೈದು ನಿಮಿಷವಾಗಿತ್ತು. ಸಹಾಯವಾಣಿಯವರು ಕಾರ್ಡನ್ನು ನಿಲ್ಲಿಸಿದ್ದರು, ಯುಪಿಐಯನ್ನು ನಿಲ್ಲಿಸಿರಲಿಲ್ಲ. ಸಹಾಯವಾಣಿಗೆ ಹೇಳುವಾಗಲೇ ಕಾರ್ಡು, ಯುಪಿಐ, ಮೊಬೈಲ್ ಬ್ಯಾಂಕಿಂಗ್, ಇಂಟರ್ನೆಟ್ ಬ್ಯಾಂಕಿಂಗ್ ಎಂದು ಒಂದೊಂದನ್ನೂ ಹೆಸರು ಹಿಡಿದು ಹೇಳಿ, ಒಂದೊಂದಕ್ಕೂ “ನಿಲ್ಲಿಸಿದ್ದೇವೆ” ಎಂಬ ಉತ್ತರ ಪಡೆಯಬೇಕೆಂಬುದು ಇದರಿಂದ ಕಲಿಯಬೇಕಾದ ಪಾಠ.

ಈ 5,000 ರೂಪಾಯಿಗಾಗಿ ಬೇರೆಯದೇ ಪತ್ರ ಬರೆಸಿದೆ. ಮೊದಲ ಪತ್ರದಲ್ಲೇ ಅದನ್ನು ಸೇರಿಸಲಿಲ್ಲ, ಏಕೆಂದರೆ ಆ ದೂರು ಹೋಗುವ ಮೇಜು ಬೇರೆ, ಅದರ ಗಡುವೂ ಬೇರೆ. ದೂರು ಕೊಟ್ಟ ದಿನದಿಂದ 10 ಕೆಲಸದ ದಿನಗಳೊಳಗೆ ಆ ಮೊತ್ತವನ್ನು ಬ್ಯಾಂಕು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕು, 90 ದಿನಗಳೊಳಗೆ ದೂರನ್ನು ಇತ್ಯರ್ಥ ಮಾಡಬೇಕು ಎಂದು ಅದೇ ಸುತ್ತೋಲೆ ಹೇಳುತ್ತದೆ. ಹಣ ಬಂತು. 7.10 ಎಂಬ ಹೊತ್ತು, ದೂರಿನ ಸಂಖ್ಯೆ, ಅವೆರಡನ್ನೂ ಬರೆದು ಮೊಹರು ಹಾಕಿಸಿಕೊಂಡ ಪತ್ರದ ಎರಡನೆಯ ಪ್ರತಿ, ಇಷ್ಟೇ ಅವಳ ಕೈಯಲ್ಲಿದ್ದ ಆಧಾರ.

ಆ ಮೊಹರಿನ ಬಗ್ಗೆ ಒಂದು ಮಾತು. ನೂಕುನುಗ್ಗಲಿನಲ್ಲಿ ಕೌಂಟರಿನವರು “ಇಟ್ಟು ಹೋಗಿ, ಮಾಡ್ತೀವಿ” ಎನ್ನುವುದುಂಟು. ಇಟ್ಟು ಹೋದ ಪತ್ರ ಕಳೆದರೆ ಕೊಟ್ಟಿದ್ದಕ್ಕೆ ಸಾಕ್ಷಿಯಿಲ್ಲ. ಎರಡು ಪ್ರತಿ ತೆಗೆದುಕೊಂಡು ಹೋಗಿ, ಒಂದರ ಮೇಲೆ ಮೊಹರು, ದಿನಾಂಕ, ಸಹಿ ಕೇಳಿ ಪಡೆಯಿರಿ. ಕೇಳುವುದು ನಿಮ್ಮ ಹಕ್ಕು. ಅಂಥ ಪ್ರತಿಯಿದ್ದೂ ಕೆಲಸ ಆಗದಿದ್ದರೆ, ಲಿಖಿತ ದೂರು ಕೊಟ್ಟು 30 ದಿನ ಕಾಯಬೇಕು. ಉತ್ತರ ಬರದಿದ್ದರೆ ಅಥವಾ ಸಮಾಧಾನವಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಅಲ್ಲೂ ಮೊದಲು ಕೇಳುವುದು ಈ ಪ್ರತಿಯನ್ನೇ.

ಮಂಗಳವಾರ ಹೊಸ ಸಂಖ್ಯೆ ನೋಂದಣಿಯಾಯಿತೆಂದು ಶಾಖೆಯವರು ಹೇಳಿದರು. ಹೇಳಿದರೆ ಸಾಲದು, ಪರೀಕ್ಷಿಸಬೇಕು. ಬುಧವಾರ ಅವಳು ತನ್ನ ಖಾತೆಗೆ ತಾನೇ 100 ರೂಪಾಯಿ ಕಟ್ಟಿದಳು. ಸ್ವಲ್ಪ ಹೊತ್ತಿಗೆ ಹೊಸ ಫೋನಿಗೆ ಸಂದೇಶ ಬಂತು. ಬರದಿದ್ದರೆ ಬದಲಾವಣೆ ಪೂರ್ತಿಯಾಗಿಲ್ಲ ಎಂದೇ ತಿಳಿದು ಮತ್ತೆ ಹೋಗಿ ಕೇಳಬೇಕು.

ಇಷ್ಟಾದರೂ ಒಂದು ಎಳೆ ಉಳಿದಿತ್ತು. ಆಕೆ ಹೆಣ್ಣುಮಕ್ಕಳ ಸ್ವಸಹಾಯ ಸಂಘವೊಂದರ ಪ್ರತಿನಿಧಿ. ಸಂಘದ ಖಾತೆಗೂ ಅವಳದೇ ಹಳೆಯ ಸಂಖ್ಯೆಯನ್ನು ಕೊಟ್ಟಿದ್ದರು. ಅದು ಅವಳೊಬ್ಬಳ ಖಾತೆಯಲ್ಲ, ಅವಳೊಬ್ಬಳ ಸಹಿಯಿಂದ ಬದಲಾಗುವುದಿಲ್ಲ. ವಾರದ ಸಭೆಯಲ್ಲಿ ಠರಾವು ಮಾಡಿ, ಸಹಿದಾರರೆಲ್ಲ ಸಹಿ ಹಾಕಿ ಕೊಡಬೇಕಾಯಿತು. ಹಾಗೆಯೇ ಆಧಾರ್‌ನಲ್ಲಿದ್ದ ಹಳೆಯ ಸಂಖ್ಯೆ ಬ್ಯಾಂಕಿನ ಪತ್ರದಿಂದ ಬದಲಾಗದು. ಅದನ್ನು ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟು ಬದಲಿಸಿಕೊಂಡಳು. ಬೇರೆ ಬ್ಯಾಂಕಿನಲ್ಲಿ, ಅಂಚೆ ಕಚೇರಿಯಲ್ಲಿ ಖಾತೆಯಿದ್ದರೆ ಅಲ್ಲಿಗೂ ಇದೇ ಪತ್ರದ ಇನ್ನೊಂದು ಪ್ರತಿ ಹೋಗಬೇಕು. ಹಳೆಯ ಸಂಖ್ಯೆಗೆ ಇರುವ 90 ದಿನಗಳ ಬಿಡುವಿನೊಳಗೆ ಈ ಎಲ್ಲವನ್ನೂ ಮುಗಿಸಿಕೊಳ್ಳಬೇಕು. ಜುಲೈನಲ್ಲಿ ಕಳೆದ ಸಂಖ್ಯೆಗೆ ಅವಳು ದಸರೆಯ ಒಳಗೆ ಎಂದು ಗಡುವು ಹಾಕಿಕೊಂಡಳು, ಅದರೊಳಗೇ ಮುಗಿಸಿದಳು.

ಈಗ ಅವಳ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಒಂದು ಸಣ್ಣ ವಹಿ ಇದೆ. ಖಾತೆ ಸಂಖ್ಯೆ, ಶಾಖೆಯ ಹೆಸರು, ಬ್ಯಾಂಕಿನ ಸಹಾಯವಾಣಿ, 1930, ಹೊಸ ಫೋನಿನ ಐಎಂಇಐ ಸಂಖ್ಯೆ, ಇವಿಷ್ಟು ಅದರ ಮೊದಲ ಪುಟದಲ್ಲಿವೆ. ಪಿನ್ ಅದರಲ್ಲಿಲ್ಲ. ವಹಿಯ ನಡುವೆ ಮೊಹರು ಬಿದ್ದ ಆ ಪತ್ರದ ಪ್ರತಿ, ಅದರ ಬೆನ್ನಿಗೆ ಪಿನ್ನು ಚುಚ್ಚಿಟ್ಟ ಚಲನ್‌ನ ಅರ್ಧಚೀಟಿ. ಚೀಟಿಯ ಹಿಂದೆ ಪೆನ್ಸಿಲಿನಲ್ಲಿ ಬರೆದ 7.10 ಎಂಬ ಅಂಕಿ ಇನ್ನೂ ಅಳಿಸಿಲ್ಲ.